ಮಾತನಾಡುವ ಯಂತ್ರಕ್ಕೆ ಇಂದಿನ ಸಂಗತಿ ತಿಳಿಸುವುದು ಹೇಗೆ?

ಚಂದ್ರನ ಮೇಲೆ ನೌಕೆಯನ್ನು ಒಡೆಯದಂತೆ ಮೆಲ್ಲನೆ ಇಳಿಸಿದ ರಾಷ್ಟ್ರಗಳು ಎಷ್ಟು? ಶಾಲೆಯ ಬಾಲಕನೂ ಕೇಳಬಹುದಾದ ಈ ಪ್ರಶ್ನೆಯ ಉತ್ತರವು ಕಾಲದೊಡನೆ ಬೆಳೆಯುತ್ತ ಬಂದಿದೆ. 1966ರ ಫೆಬ್ರವರಿಯಲ್ಲಿ ಸೋವಿಯೆತ್ ಒಕ್ಕೂಟವು ಈ ಸಾಹಸವನ್ನು ಮೊದಲು ಸಾಧಿಸಿತು. ನಾಲ್ಕು ತಿಂಗಳ ತರುವಾಯ ಅಮೆರಿಕವೂ ಸಾಧಿಸಿತು. ಮೂರನೆಯದಾದ ಚೀನಕ್ಕೆ 2013ರವರೆಗೆ ಕಾಯಬೇಕಾಯಿತು. ನಮ್ಮ ಚಂದ್ರಯಾನ-2ರ ‘ವಿಕ್ರಮ್’ 2019ರಲ್ಲಿ ನೆಲಕ್ಕೆ ಅಪ್ಪಳಿಸಿತು. ಆದರೆ 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಸುರಕ್ಷಿತವಾಗಿ ಇಳಿದು ಭಾರತವು ನಾಲ್ಕನೆಯದಾಯಿತು. 2024ರ ಜನವರಿಯಲ್ಲಿ ಜಪಾನಿನ ‘ಸ್ಲಿಮ್’ ಐದನೆಯ ಸ್ಥಾನವನ್ನು ಗಳಿಸಿತು. (ಪಾಪ, ಅದು ಇಳಿದ ಮೇಲೆ ಮುಗ್ಗರಿಸಿ ಮೂಗಿನ ಮೇಲೆ ನಿಂತಿತು!)

ಈಗ ಇದೇ ಪ್ರಶ್ನೆಯನ್ನು ಚಾಟ್‌ಬಾಟ್ ಎಂಬ ಸಂಭಾಷಣಾ ಯಂತ್ರದ ಮುಂದೆ ಇಡೋಣ. 2022ರ ನವೆಂಬರಿನಲ್ಲಿ ಸಾರ್ವಜನಿಕರ ಕೈಗೆ ಬಂದ ಚಾಟ್‌ಜಿಪಿಟಿಯ ತಿಳಿವಳಿಕೆಯು ಸುಮಾರು 2021ರ ಸೆಪ್ಟೆಂಬರಿಗೆ ನಿಂತಿತ್ತು. ಅಂತಹ ಯಂತ್ರದ ಪಾಲಿಗೆ ಉತ್ತರ ‘ಮೂರು’. ಚಂದ್ರಯಾನ-3 ಇನ್ನೂ ಮುಂದೆ ನಡೆಯಬೇಕಾದ ಕಾರ್ಯ. 2023ರ ಕೊನೆಗೆ ನಿಂತ ಯಂತ್ರವಾದರೆ ‘ನಾಲ್ಕು’ ಎಂದೀತು. ಎರಡೂ ಒಂದೇ ಬಗೆಯ ಧೈರ್ಯದಿಂದ ನುಡಿಯುತ್ತವೆ ಎಂಬುದೇ ಇಲ್ಲಿಯ ತೊಡಕು.

ಇದೇಕೆ ಹೀಗೆ? ಈ ಯಂತ್ರವನ್ನು ರೂಪಿಸುವವರು ಅಪಾರ ಬರಹವನ್ನು ಒಂದು ದಿನದವರೆಗೆ ಕಲೆಹಾಕಿ ಅದಕ್ಕೆ ಓದಿಸುತ್ತಾರೆ. ಓದಿನ ಫಲವೆಲ್ಲ ಕೋಟ್ಯಂತರ ಸಂಖ್ಯೆಗಳ ರೂಪದಲ್ಲಿ ಅದರೊಳಗೆ ನೆಲೆಗೊಳ್ಳುತ್ತದೆ. ಓದು ಮುಗಿದ ಮೇಲೆ ಆ ಸಂಖ್ಯೆಗಳು ಕದಲುವುದಿಲ್ಲ. ನಾವು ಅದರೊಡನೆ ಎಷ್ಟು ಮಾತನಾಡಿದರೂ ಅವು ಹಾಗೆಯೇ ಉಳಿಯುತ್ತವೆ. ಬರಹದ ಸಂಗ್ರಹ ನಿಂತ ಆ ದಿನವನ್ನೇ ತಿಳಿವಿನ ಗಡಿದಿನವೆನ್ನಬಹುದು. ಮುದ್ರಣವಾದ ಪಂಚಾಂಗವು ಮರುವರ್ಷದ ಏಕಾದಶಿಯನ್ನು ತಾನಾಗಿ ಬರೆದುಕೊಳ್ಳಬಲ್ಲುದೆ?

ಆದರೆ ಈ ಗಡಿಯು ಹೊಲದ ಬದುವಿನಂತೆ ಸ್ಪಷ್ಟವಾದುದಲ್ಲ. ಒಂದು ಘಟನೆಯನ್ನು ಕುರಿತು ಲೋಕವು ಆ ದಿನವೇ ಎಲ್ಲವನ್ನೂ ಬರೆದು ಮುಗಿಸುವುದಿಲ್ಲ. ವರದಿ, ವಿಶ್ಲೇಷಣೆ, ಪಾಠಪುಸ್ತಕಗಳೆಂದು ವರ್ಷಗಟ್ಟಲೆ ಬರೆಯುತ್ತದೆ. ಆದುದರಿಂದ ಗಡಿಗೆ ಹತ್ತಿರದ ತಿಂಗಳುಗಳ ಸಂಗತಿಗಳು ಯಂತ್ರದ ಓದಿನಲ್ಲಿ ತೆಳುವಾಗಿರುತ್ತವೆ. ತನ್ನ ಗಡಿದಿನ ಯಾವುದೆಂದು ಕೇಳಿದರೂ ಅದು ತಪ್ಪಾಗಿ ಹೇಳುವುದುಂಟು. ತಯಾರಕರು ಪ್ರಕಟಿಸಿದ ದಿನಾಂಕವನ್ನೇ ನಂಬುವುದು ಲೇಸು. ಇನ್ನು ಇಂದಿನ ತಾರೀಖನ್ನಾದರೋ, ಯಾರಾದರೂ ತಿಳಿಸಿದ ಹೊರತು ಯಂತ್ರವು ಅರಿಯದು.

ಹಾಗಾದರೆ ಹೊಸ ಸಂಗತಿಯನ್ನು ಅದಕ್ಕೆ ಮುಟ್ಟಿಸುವುದು ಹೇಗೆ? ಬರಹವನ್ನೇ ಪ್ರಶ್ನೆಯೊಡನೆ ಅದರ ಮುಂದಿಡುವುದು ಅತ್ಯಂತ ಸರಳವಾದ ಹಾದಿ. ಜಪಾನಿನ ನೌಕೆಯ ವರದಿಯೊಂದನ್ನು ನಕಲು ಮಾಡಿ ಅಂಟಿಸಿ, ಮೇಲ್ಗಡೆ ಅದು ಪ್ರಕಟವಾದ ದಿನವನ್ನೂ ಇಂದಿನ ತಾರೀಖನ್ನೂ ಬರೆಯಬೇಕು. ಬಳಿಕ ಹೀಗೆ ಕೇಳಬಹುದು: “ಕೆಳಗಿನ ಬರಹವನ್ನು ಮಾತ್ರ ಆಧರಿಸಿ ಉತ್ತರಿಸು. ಯಾವ ವಾಕ್ಯದಿಂದ ಉತ್ತರ ಬಂತೆಂದು ತೋರಿಸು. ಅದರಲ್ಲಿ ಇಲ್ಲದುದನ್ನು ಇಲ್ಲವೆಂದು ಹೇಳು.” ಕೊನೆಯ ಮಾತನ್ನು ಬಿಡಬಾರದು, ಬಿಟ್ಟರೆ ಯಂತ್ರವು ಬರಹದಲ್ಲಿ ಕಾಣದ ಕಡೆ ತನ್ನ ಹಳೆಯ ಓದಿನಿಂದ ತೇಪೆ ಹಾಕುತ್ತದೆ, ತೇಪೆ ಎಲ್ಲಿದೆಯೆಂದು ನಮಗೆ ತಿಳಿಯುವುದಿಲ್ಲ. ಅದು ತೋರಿಸಿದ ವಾಕ್ಯವು ನಾವು ಕೊಟ್ಟ ಬರಹದಲ್ಲಿ ನಿಜವಾಗಿಯೂ ಇದೆಯೇ ಎಂದು ಕಣ್ಣಾರೆ ನೋಡಿದರೆ ಪರೀಕ್ಷೆ ಮುಗಿಯಿತು.

ಎರಡನೆಯದು ಅಂತರಜಾಲದ ಹುಡುಕಾಟ. ಇದು ಬೇರೆ ಬಗೆಯ ಜ್ಞಾನವೆಂದು ಹಲವರು ಭಾವಿಸುತ್ತಾರೆ. ವಾಸ್ತವವಾಗಿ ಇಲ್ಲಿಯೂ ನಡೆಯುವುದು ಅಂಟಿಸುವ ಕೆಲಸವೇ. ಯಂತ್ರವು ನಮ್ಮ ಪ್ರಶ್ನೆಯಿಂದ ಕೆಲವು ಹುಡುಕುಪದಗಳನ್ನು ರಚಿಸಿ, ದೊರೆತ ಪುಟಗಳ ಭಾಗಗಳನ್ನು ತಂದು, ಪ್ರಶ್ನೆಯ ಪಕ್ಕದಲ್ಲಿಟ್ಟುಕೊಂಡು ಓದುತ್ತದೆ. ಪುಟಗಳನ್ನು ಆರಿಸಿದವರು ನಾವಲ್ಲ, ವ್ಯತ್ಯಾಸವಿಷ್ಟೆ.

ಈ ಆಯ್ಕೆಯಲ್ಲಿಯೇ ಎಡವುವ ಸಂಭವವಿದೆ. 2023ರ ಆಗಸ್ಟಿನ ವರದಿಗಳು ಭಾರತವು ‘ನಾಲ್ಕನೆಯ ರಾಷ್ಟ್ರ’ವೆಂದು ಸಾರಿದವು. ಆ ಮಾತು ಇಂದಿಗೂ ಸತ್ಯ. ಆದರೆ ಹುಡುಕಾಟದಲ್ಲಿ ಇಂತಹ ಪುಟಗಳೇ ದೊರೆತರೆ ಯಂತ್ರವು ‘ಒಟ್ಟು ನಾಲ್ಕು’ ಎಂದು ಎಣಿಸಿಬಿಡಬಹುದು: ಕೊಂಡಿ ಸರಿ, ವಾಕ್ಯ ಸರಿ, ಉತ್ತರ ಮಾತ್ರ ತಪ್ಪು! ಆದುದರಿಂದ ಉತ್ತರದ ಕೆಳಗಿನ ಕೊಂಡಿಯನ್ನು ತೆರೆದು, ಪುಟದ ದಿನಾಂಕವನ್ನು ಮೊದಲು ನೋಡಬೇಕು. ಕೊಂಡಿಯೇ ಇಲ್ಲದಿದ್ದರೆ ಯಂತ್ರವು ಹುಡುಕದೆ ನೆನಪಿನಿಂದಲೇ ನುಡಿದಿರುವ ಸಂಭವ ಹೆಚ್ಚು. “ಭಾರತದ ತರುವಾಯ ಬೇರಾವ ರಾಷ್ಟ್ರವಾದರೂ ಇಳಿಸಿದೆಯೇ, ಹುಡುಕಿ ಹೇಳು” ಎಂದು ಪ್ರಶ್ನೆಯನ್ನು ತಿರುಗಿಸಿದರೆ ಹುಡುಕುಪದಗಳೂ ಬದಲಾಗಿ ಜಪಾನಿನ ಪುಟಗಳು ಸಿಕ್ಕುವ ಸಾಧ್ಯತೆ ಹೆಚ್ಚುತ್ತದೆ.

ಹೀಗೆ ಅರಿತ ಸಂಗತಿಯು ಸಾಮಾನ್ಯವಾಗಿ ಆ ಸಂಭಾಷಣೆಯಷ್ಟಕ್ಕೇ ಉಳಿಯುತ್ತದೆ. ಮಾತು ಬಹಳ ಉದ್ದವಾದರೆ ಮೊದಲಿಗೆ ಅಂಟಿಸಿದ ಬರಹವು ಅದರ ದೃಷ್ಟಿಯಿಂದ ಜಾರಿಹೋಗುವುದೂ ಉಂಟು; ನಾಳೆ ಹೊಸದಾಗಿ ಮಾತಿಗೆ ತೊಡಗುವಾಗ ವರದಿಯನ್ನು ಮತ್ತೆ ಅಂಟಿಸಬೇಕಾಗುತ್ತದೆ.