ತಡೆದಷ್ಟೂ ವೇಗ

ಕಂಪ್ರೆಸರ್ ಟ್ಯಾಂಕಿನಿಂದ ಹೊರಟ ಉದ್ದನೆಯ ಪೈಪೊಂದು ಕೊನೆಯಲ್ಲಿ ಬಯಲಿಗೆ ಬಾಯಿ ತೆರೆದಿದೆ ಎಂದಿಟ್ಟುಕೊಳ್ಳಿ. ಪೈಪಿನ ಅಗಲ ಎಲ್ಲ ಕಡೆಯೂ ಒಂದೇ. ಒಳಗೋಡೆ ಉದ್ದಕ್ಕೂ ಗಾಳಿಯನ್ನು ಉಜ್ಜುತ್ತ ತಡೆಯುತ್ತದೆ. ಗಾಳಿ ಎಲ್ಲಿ ಜೋರಾಗಿ ಓಡುತ್ತಿರುತ್ತದೆ, ಟ್ಯಾಂಕಿನ ಬಳಿಯೋ, ತುದಿಯಲ್ಲೋ? ತಡೆ ಅಂದಮೇಲೆ ತುದಿಗೆ ಬರುವಷ್ಟರಲ್ಲಿ ವೇಗ ಇಳಿದಿರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದು ಇದಕ್ಕೆ ತದ್ವಿರುದ್ಧ. ಗಾಳಿ ಹೋಗುತ್ತ ಹೋಗುತ್ತ ವೇಗ ಏರಿಸಿಕೊಳ್ಳುತ್ತದೆ. ಪೈಪು ಸಾಕಷ್ಟು ಉದ್ದವಿದ್ದು ಟ್ಯಾಂಕಿನ ಒತ್ತಡವೂ ಸಾಕಷ್ಟಿದ್ದರೆ ತುದಿಯಲ್ಲಿ ಅದು ಶಬ್ದದ ವೇಗವನ್ನೇ ಮುಟ್ಟುತ್ತದೆ.

ನೀರಿನ ಪೈಪಿನಲ್ಲಿ ಹೀಗಾಗುವುದಿಲ್ಲ. ಘರ್ಷಣೆಯಿಂದ ಅಲ್ಲಿಯೂ ಒತ್ತಡ ಇಳಿಯುತ್ತದೆ, ಆದರೆ ನೀರು ಹಿಗ್ಗುವುದಿಲ್ಲವಾದ್ದರಿಂದ ವೇಗ ಬದಲಾಗುವುದಿಲ್ಲ. ಗಾಳಿಯ ಕಥೆ ಬೇರೆ. ಒತ್ತಡ ಇಳಿದಂತೆ ಅದು ಹಿಗ್ಗಿ ತೆಳುವಾಗುತ್ತದೆ. ಪ್ರತಿ ಸೆಕೆಂಡಿಗೆ ಒಳಬಂದಷ್ಟೇ ಕಿಲೋ ಗಾಳಿ ಅಷ್ಟೇ ಅಗಲದ ಪೈಪಿನಿಂದ ಹೊರಹೋಗಬೇಕು. ತೆಳುವಾದ ಗಾಳಿ ಆ ಲೆಕ್ಕ ತುಂಬಿಸಲು ಹೆಚ್ಚು ವೇಗವಾಗಿ ಓಡಲೇಬೇಕು. ಈ ಓಟಕ್ಕೆ ಬೇಕಾದ ಶಕ್ತಿ ಹೊರಗಿನಿಂದ ಬರುವುದಿಲ್ಲ. ಪೈಪಿಗೆ ಶಾಖ ತಡೆಯುವ ಹೊದಿಕೆ ಹಾಕಿದ್ದೇವೆ, ಅಂದರೆ ಶಾಖ ಒಳಗೂ ಬಾರದು, ಹೊರಗೂ ಹೋಗದು ಎಂದುಕೊಂಡರೆ ಗಾಳಿ ತನ್ನ ಬಿಸಿಯನ್ನೇ ಖರ್ಚುಮಾಡಿ ವೇಗ ಪಡೆಯುತ್ತದೆ. ಹೀಗಾಗಿ ಘರ್ಷಣೆ ನಡೆಯುತ್ತಿದ್ದರೂ ಗಾಳಿ ತಣ್ಣಗಾಗುತ್ತ ಸಾಗುತ್ತದೆ. 1904ರಲ್ಲಿ ಜ್ಯೂರಿಕ್‌ನಲ್ಲಿ ಓದುತ್ತಿದ್ದ ಇಟಲಿಯ ಜಿನೊ ಫ್ಯಾನೊ ತನ್ನ ಪ್ರಬಂಧದಲ್ಲಿ ಇದನ್ನು ಬಿಡಿಸಿಟ್ಟ. ಎಂಜಿನಿಯರುಗಳು ಇಂದಿಗೂ ಇದನ್ನು ಫ್ಯಾನೊ ಹರಿವು ಎಂದೇ ಕರೆಯುತ್ತಾರೆ.

ಈ ಏರಿಕೆಗೆ ಒಂದು ಮಿತಿಯಿದೆ. ಘರ್ಷಣೆ ಎಂಟ್ರೋಪಿಯನ್ನು ಹೆಚ್ಚಿಸುತ್ತದೆಯೇ ಹೊರತು ಎಂದೂ ಇಳಿಸುವುದಿಲ್ಲ. ಇಂಥ ಪೈಪಿನಲ್ಲಿ ವೇಗ ಶಬ್ದದ ವೇಗಕ್ಕೆ ಸಮವಾದಾಗ, ಅಂದರೆ ಮ್ಯಾಕ್ 1 ಆದಾಗ, ಎಂಟ್ರೋಪಿ ತನ್ನ ತುತ್ತತುದಿಯಲ್ಲಿರುತ್ತದೆ. ಅಲ್ಲಿಂದ ಇನ್ನೂ ವೇಗ ಏರಬೇಕಾದರೆ ಎಂಟ್ರೋಪಿ ಇಳಿಯಬೇಕಾಗುತ್ತದೆ, ಅದು ಸಾಧ್ಯವಿಲ್ಲ. ಆದ್ದರಿಂದ ಪ್ರವೇಶದ ಪ್ರತಿಯೊಂದು ಮ್ಯಾಕ್ ಸಂಖ್ಯೆಗೂ ಒಂದು ಗರಿಷ್ಠ ಉದ್ದ ನಿಗದಿಯಾಗಿರುತ್ತದೆ. ಆ ಉದ್ದ ಮುಗಿಯುವ ಜಾಗದಲ್ಲಿ ಹರಿವು ಚೋಕ್ ಆಗುತ್ತದೆ.

25 ಮಿಲಿಮೀಟರ್ ಒಳವ್ಯಾಸದ, ಘರ್ಷಣಾಂಕ 0.02 ಇರುವ ಪೈಪನ್ನೇ ತೆಗೆದುಕೊಳ್ಳೋಣ. ಗಾಳಿ ಮ್ಯಾಕ್ 0.5ರಲ್ಲಿ ಒಳಹೊಕ್ಕರೆ ಬರೀ 1.3 ಮೀಟರಿಗೆ ಚೋಕ್. 0.3ರಲ್ಲಿ ಹೊಕ್ಕರೆ 6.6 ಮೀಟರ್, 0.2ರಲ್ಲಾದರೆ 18 ಮೀಟರ್, 0.1ರಲ್ಲಾದರೆ 84 ಮೀಟರಿನಷ್ಟು. ನಿಧಾನವಾಗಿ ಹೊಕ್ಕ ಗಾಳಿಗೆ ಮಾತ್ರ ದೂರದ ದಾರಿ.

ನಮ್ಮ ಟ್ಯಾಂಕಿನಲ್ಲಿ 8 ಬಾರ್ ಒತ್ತಡ (ವಾತಾವರಣದ್ದನ್ನೂ ಸೇರಿಸಿ), 27 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಹೊರಗೆ 1 ಬಾರ್, ಪೈಪು 18 ಮೀಟರ್ ಇರಲಿ. ಒಳಹೊಕ್ಕುವಾಗ ಗಾಳಿಯ ವೇಗ ಸೆಕೆಂಡಿಗೆ ಸುಮಾರು 69 ಮೀಟರ್, ಒತ್ತಡ 7.8 ಬಾರ್. ತುದಿಗೆ ಬಂದಾಗ ವೇಗ 317 ಮೀಟರ್, ಉಷ್ಣತೆ ಸೊನ್ನೆಗಿಂತ 23 ಡಿಗ್ರಿ ಕೆಳಗೆ, ಒತ್ತಡ 1.43 ಬಾರ್. ಈ ಕೊನೆಯ ಸಂಖ್ಯೆಯನ್ನು ಗಮನಿಸಿ. ಪೈಪಿನ ಬಾಯಿ ಬಯಲಿಗೇ ತೆರೆದಿದ್ದರೂ ಅಲ್ಲಿನ ಒತ್ತಡ ಬಯಲಿನ ಒತ್ತಡಕ್ಕಿಂತ ಹೆಚ್ಚು. ಉಳಿದ ಹಿಗ್ಗುವಿಕೆಯೆಲ್ಲ ಪೈಪಿನಿಂದ ಹೊರಬಿದ್ದ ಮೇಲೆ, ಬಯಲಿನಲ್ಲಿ ನಡೆಯುತ್ತದೆ. ಹೊರಗಿನ ಒತ್ತಡವನ್ನು ಅರ್ಧಕ್ಕಿಳಿಸಿದರೂ, ನಿರ್ವಾತವನ್ನೇ ಮಾಡಿದರೂ ಪೈಪಿನೊಳಗೆ ಏನೂ ಬದಲಾಗದು. ಹೊರಗೆ ಒತ್ತಡ ಇಳಿದ ಸುದ್ದಿ ಒಳಕ್ಕೆ ತಲುಪಬೇಕಾದ್ದು ಶಬ್ದದ ವೇಗದಲ್ಲಿ. ಅಷ್ಟೇ ವೇಗದಲ್ಲಿ ಎದುರಿನಿಂದ ಗಾಳಿ ನುಗ್ಗಿಬರುತ್ತಿರುತ್ತದೆ. ಹರಿವು ಚೋಕ್ ಆಗಿದೆಯೇ ಎಂದು ತಿಳಿಯಲು ಇದೇ ಒಳ್ಳೆಯ ಪರೀಕ್ಷೆ: ತುದಿಯ ಆಚೆ ಒತ್ತಡ ಇಳಿಸಿದಾಗ ಹರಿವಿನ ಮೀಟರಿನ ಮುಳ್ಳು ಕದಲದಿದ್ದರೆ ಚೋಕ್ ಆಗಿದೆ ಎಂದರ್ಥ.

ಅದೇ ತುದಿಯಲ್ಲಿ ಥರ್ಮಾಮೀಟರ್ ಇಟ್ಟು ಮೈನಸ್ 23 ಕಾಣುತ್ತದೆಂದು ಕಾದರೆ ನಿರಾಸೆಯೇ ಗತಿ. ಉಪಕರಣಕ್ಕೆ ತಾಗಿದ ಗಾಳಿ ನಿಂತುಬಿಡುತ್ತದೆ, ನಿಂತಾಗ ಅದರ ವೇಗ ಮತ್ತೆ ಬಿಸಿಯಾಗುತ್ತದೆ. ಪೈಪಿನ ಒಳಗೋಡೆಗೂ ಅದೇ ಅನುಭವ. ಗೋಡೆ ಸುಮಾರು 21 ಡಿಗ್ರಿಯಲ್ಲಿ ನಿಲ್ಲುತ್ತದೆ. ಅಷ್ಟು ತಣ್ಣನೆಯ ಗಾಳಿಯನ್ನು ಮುಟ್ಟಿಯೂ ಪೈಪಿಗೆ ಅದರ ಚಳಿ ತಿಳಿಯದು!

ಪೈಪನ್ನು ಇನ್ನೂ ಉದ್ದ ಮಾಡಿದರೆ? ಗಾಳಿ ಮಿತಿಯನ್ನು ದಾಟುವುದಿಲ್ಲ, ಮೊದಲ ಹೆಜ್ಜೆಯನ್ನೇ ನಿಧಾನ ಮಾಡಿಕೊಳ್ಳುತ್ತದೆ. 36 ಮೀಟರ್ ಹಾಕಿದಾಗ ಪ್ರವೇಶದ ಮ್ಯಾಕ್ ಸಂಖ್ಯೆ 0.2ರಿಂದ 0.148ಕ್ಕೆ ಇಳಿಯುತ್ತದೆ. ಸೆಕೆಂಡಿಗೆ 0.31 ಕಿಲೋ ಹೋಗುತ್ತಿದ್ದ ಕಡೆ ಈಗ 0.23 ಕಿಲೋ. ತುದಿಯಲ್ಲಿ ಈಗಲೂ ಮ್ಯಾಕ್ 1, ಆದರೆ ಒತ್ತಡ 1.07 ಬಾರ್‌ಗೆ ಕುಸಿದಿದೆ. ಸುಮಾರು 42 ಮೀಟರಿನಲ್ಲಿ ತುದಿಯ ಒತ್ತಡ ಹೊರಗಿನದಕ್ಕೆ ಸಮವಾಗುತ್ತದೆ. ಅದಕ್ಕಿಂತ ಉದ್ದವಾದರೆ ಚೋಕ್ ಬಿಟ್ಟುಹೋಗಿ, ತುದಿಯ ಒತ್ತಡ 1 ಬಾರ್‌ನಲ್ಲೇ ನಿಂತು, ಅಲ್ಲಿನ ವೇಗ ಶಬ್ದದ ವೇಗಕ್ಕಿಂತ ಕೆಳಗಿಳಿಯುತ್ತದೆ. ಪೈಪೇ ಇಲ್ಲದೆ ಅಷ್ಟೇ ಅಗಲದ ನುಣುಪಾದ ನಾಸಲ್ ಇದ್ದಿದ್ದರೆ 0.92 ಕಿಲೋ ಹೊರಬರುತ್ತಿತ್ತು. 18 ಮೀಟರ್ ಪೈಪು ಅದರ ಮೂರನೇ ಎರಡು ಭಾಗವನ್ನು ನುಂಗಿಹಾಕಿದೆ.

ಗಾಳಿ ಶಬ್ದಕ್ಕಿಂತ ವೇಗವಾಗಿಯೇ ಒಳಹೊಕ್ಕರೆ ಎಲ್ಲವೂ ತಿರುಗುಮುರುಗು. ಘರ್ಷಣೆ ಆಗ ಅದನ್ನು ನಿಧಾನಗೊಳಿಸಿ ಮ್ಯಾಕ್ 1ರ ಕಡೆಗೇ ಎಳೆಯುತ್ತದೆ, ಅದೂ ಬಹಳ ಬೇಗ. ಮ್ಯಾಕ್ 3ರಲ್ಲಿ ಹೊಕ್ಕರೂ ನಮ್ಮ ಪೈಪಿನಲ್ಲಿ ಸಿಗುವ ದಾರಿ 65 ಸೆಂಟಿಮೀಟರ್ ಮಾತ್ರ. ಪೈಪು ಅದಕ್ಕಿಂತ ಉದ್ದವಿದ್ದರೆ ಒಳಗೆ ಆಘಾತ ತರಂಗ ಏಳುತ್ತದೆ.

ಹೊದಿಕೆಯ ಪೈಪಿನ ಲೆಕ್ಕವನ್ನು ಎಲ್ಲ ಕಡೆಗೂ ಅಂಟಿಸಲಾಗದು. ನೆಲದಡಿ ಕಿಲೋಮೀಟರುಗಟ್ಟಲೆ ಸಾಗುವ ಗ್ಯಾಸ್ ಪೈಪು ಮಣ್ಣಿನಿಂದ ಶಾಖ ಪಡೆಯುತ್ತ ಉಷ್ಣತೆಯನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಉಳಿಸಿಕೊಳ್ಳುತ್ತದೆ. ಅದರ ಮಿತಿಯೇ ಬೇರೆ. ಫ್ಯಾನೊನ ಲೆಕ್ಕ ಹೊಂದುವುದು ಗಿಡ್ಡ ಪೈಪಿನ ರಭಸದ ಹರಿವಿಗೆ. ಕಾರ್ಖಾನೆಗಳ ಸೇಫ್ಟಿ ವಾಲ್ವ್‌ನಿಂದ ಬಯಲಿಗೆ ಹೋಗುವ ಪೈಪು ಅಂಥದ್ದು. ಅಲ್ಲಿ ವಾಲ್ವ್ ಬಿಡುವ ಗಾಳಿ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಹಾಗಾಗಿ ಲೆಕ್ಕ ತುದಿಯಿಂದ ಶುರುವಾಗಿ ಹಿಂದಕ್ಕೆ ಬರುತ್ತದೆ. ತುದಿ ಬಯಲಲ್ಲಿದೆ, ಅಲ್ಲಿ 1 ಬಾರ್ ಇದ್ದೇ ಇರುತ್ತದೆ ಎಂದು ಹೊರಟವರು ವಾಲ್ವ್‌ನ ಬೆನ್ನಿಗೆ ಬೀಳುವ ಒತ್ತಡವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಸಾಮಾನ್ಯ ಸ್ಪ್ರಿಂಗ್ ವಾಲ್ವ್‌ನಲ್ಲಿ, ತೆರೆದಾಗ ಏಳುವ ಈ ಹಿಂಬದಿ ಒತ್ತಡ ಅದು ತೆರೆಯಬೇಕಾದ ಒತ್ತಡದ ಶೇ. 10ನ್ನು ಮೀರಬಾರದೆಂಬುದು ರೂಢಿಯ ನಿಯಮ. ಮೀರಿದರೆ ವಾಲ್ವ್ ಪೂರ್ತಿ ತೆರೆಯದೆ ಪಟಪಟನೆ ಬಡಿದುಕೊಳ್ಳುತ್ತದೆ.

ಇನ್ನೊಂದು ಎಡವಟ್ಟು ಕೋಷ್ಟಕದಲ್ಲೇ ಅಡಗಿದೆ. ಘರ್ಷಣಾಂಕದಲ್ಲಿ ಡಾರ್ಸಿ, ಫ್ಯಾನಿಂಗ್ ಎಂದು ಎರಡು ಬಗೆ. ಮೊದಲನೆಯದು ಎರಡನೆಯದರ ನಾಲ್ಕು ಪಟ್ಟು. ಅನೇಕ ಪುಸ್ತಕಗಳ ಕೋಷ್ಟಕದ ತಲೆಯಲ್ಲಿ 4fL/D ಎಂದಿರುತ್ತದೆ. ಅಲ್ಲಿಯ f ಫ್ಯಾನಿಂಗ್‌ನದು, ನಮ್ಮ ಪೈಪಿಗೆ 0.005. ಆ ಜಾಗದಲ್ಲಿ ಡಾರ್ಸಿಯ 0.02 ಹಾಕಿದರೆ 18 ಮೀಟರ್ ಪೈಪು ಕಾಗದದ ಮೇಲೆ 72 ಮೀಟರ್ ಆಗಿಬಿಡುತ್ತದೆ. ಹರಿವು 0.17 ಕಿಲೋ, ಚೋಕ್ ಇಲ್ಲ, ತುದಿಯಲ್ಲಿ 1 ಬಾರ್ ಎಂದು ಉತ್ತರ ಬರುತ್ತದೆ. ಮೂರೂ ಸಂಖ್ಯೆಗಳು ನೋಡಲು ಸರಿಯಾಗಿಯೇ ಕಾಣುತ್ತವೆ, ಮೂರೂ ತಪ್ಪು.