ಅಂಗಡಿ ವಿಮೆ ನಡುವೆಯೇ ನಿಂತರೆ ಉಳಿದ ದಿನಗಳ ಹಣ ಕೇಳುವುದು ಹೇಗೆ?

ವರ್ಷದ ಮಧ್ಯದಲ್ಲಿ ಅಂಗಡಿ ಮುಚ್ಚಿದರೆ ಅದರ ವಿಮೆಗೆ ಕಟ್ಟಿದ ಹಣವೆಲ್ಲ ಹೋಯಿತೆಂದು ಬಹಳಷ್ಟು ವ್ಯಾಪಾರಿಗಳು ಸುಮ್ಮನಾಗುತ್ತಾರೆ. ಹಾಗೆ ಬಿಡಬೇಕಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಜೂನ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ಚಿಲ್ಲರೆ ಗ್ರಾಹಕರು ಕಾರಣ ಕೊಡದೆಯೇ ಪಾಲಿಸಿಯನ್ನು ರದ್ದು ಮಾಡಿಸಬಹುದು. ಒಂದು ವರ್ಷದೊಳಗಿನ ಪಾಲಿಸಿಯಲ್ಲಿ ಕ್ಲೇಮು ಮಾಡಿರದಿದ್ದರೆ ಉಳಿದ ದಿನಗಳ ಪ್ರೀಮಿಯಂ ವಾಪಸು ಬರಬೇಕು.

ಹುಬ್ಬಳ್ಳಿಯ ಸ್ಟೇಷನರಿ ಅಂಗಡಿಯೊಂದನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಪಾಲಿಸಿಯ ಅವಧಿ 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31. ಪ್ರೀಮಿಯಂ 7,300 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಮಾಲೀಕರು ಬರೆಯಬೇಕಾದ ಪತ್ರ ಇಷ್ಟೇ:

“ಶಾಖಾ ವ್ಯವಸ್ಥಾಪಕರಿಗೆ,
ದಿನಾಂಕ: 22–8–2025
ವಿಷಯ: ಪಾಲಿಸಿ ಸಂಖ್ಯೆ … ರದ್ದತಿ ಮತ್ತು ಉಳಿದ ಅವಧಿಯ ಪ್ರೀಮಿಯಂ ವಾಪಸಾತಿ.

ಮಾನ್ಯರೇ, ಮೇಲ್ಕಂಡ ಪಾಲಿಸಿಯನ್ನು 24–8–2025ರ ಮಧ್ಯರಾತ್ರಿಗೆ ರದ್ದುಪಡಿಸಬೇಕೆಂದು ಕೋರುತ್ತೇನೆ. ಈ ಅವಧಿಯಲ್ಲಿ ಯಾವುದೇ ಕ್ಲೇಮು ಮಾಡಿಲ್ಲ. ಉಳಿದ 219 ದಿನಗಳ ಪ್ರೀಮಿಯಂ ಹಾಗೂ ಅದರ ಜಿಎಸ್‌ಟಿಯನ್ನು ನನ್ನ ಖಾತೆಗೆ ಜಮಾ ಮಾಡಿ, ಲೆಕ್ಕದ ವಿವರವನ್ನೂ ರದ್ದತಿ ಪತ್ರವನ್ನೂ ಕಳುಹಿಸಿರಿ. ಪಾಲಿಸಿಯ ಪ್ರತಿ ಮತ್ತು ರದ್ದು ಮಾಡಿದ ಚೆಕ್ ಲಗತ್ತಿಸಿದ್ದೇನೆ.
ಇಂತಿ ತಮ್ಮ ವಿಶ್ವಾಸಿ, …”

ಲೆಕ್ಕ ಸುಲಭ. 7,300ನ್ನು 365ರಿಂದ ಭಾಗಿಸಿದರೆ ದಿನಕ್ಕೆ 20 ರೂಪಾಯಿ. ರಕ್ಷಣೆ ಸಿಕ್ಕಿದ್ದು 146 ದಿನ, ಉಳಿದದ್ದು 219 ದಿನ. ಬರಬೇಕಾದದ್ದು 4,380 ರೂಪಾಯಿ, ಜೊತೆಗೆ ಜಿಎಸ್‌ಟಿ 788.40. ಕಟ್ಟಿದ ಜಿಎಸ್‌ಟಿಗೆ ಇನ್‌ಪುಟ್ ಕ್ರೆಡಿಟ್ ಪಡೆದಿದ್ದರೆ ಈ 788.40ರಷ್ಟನ್ನು ಹಿಂತಿರುಗಿಸಬೇಕು.

ಕಂಪನಿ ಕೊಟ್ಟ ಮೊತ್ತ ಇದಕ್ಕಿಂತ ಬಹಳ ಕಡಿಮೆಯಿದ್ದರೆ, ಹಳೆಯ ‘ಅಲ್ಪಾವಧಿ ದರ’ದಲ್ಲಿ ಲೆಕ್ಕ ಹಾಕಿರಬಹುದು. ಅದರಲ್ಲಿ ಕಳೆದ ತಿಂಗಳುಗಳಿಗೆ ಪಾಲಿಗಿಂತ ಹೆಚ್ಚು ಹಣ ಹಿಡಿಯುತ್ತಾರೆ. ಲೆಕ್ಕದ ವಿವರವನ್ನು ಪತ್ರದಲ್ಲೇ ಕೇಳಬೇಕೆನ್ನುವುದು ಇದಕ್ಕಾಗಿಯೇ.

ಪತ್ರದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ರದ್ದತಿಯ ದಿನಾಂಕ. ಜೂನ್‌ನಲ್ಲೇ ಬಾಗಿಲು ಹಾಕಿ ಆಗಸ್ಟ್‌ನಲ್ಲಿ ಪತ್ರ ಕೊಟ್ಟರೆ, ನಡುವಿನ ದಿನಗಳಲ್ಲಿ ಪಾಲಿಸಿ ಜೀವಂತವಾಗಿಯೇ ಇತ್ತು. ಅವುಗಳ ಹಣ ಕೇಳಲಾಗದು. ಇತ್ತ, ಸರಕು ಇನ್ನೂ ಅಂಗಡಿಯಲ್ಲಿರುವಾಗಲೇ ರದ್ದಾಗಿ ಮರುದಿನ ಬೆಂಕಿ ಬಿದ್ದರೆ ಪರಿಹಾರವಿಲ್ಲ. ಕೊನೆಯ ಪೆಟ್ಟಿಗೆ ಹೊರಗೆ ಹೋಗುವ ದಿನ, ಇಲ್ಲವೇ ಹೊಸ ಪಾಲಿಸಿ ಶುರುವಾಗುವ ದಿನ ನೋಡಿಕೊಂಡೇ ದಿನಾಂಕ ಬರೆಯಿರಿ. ಸರಕಿನ ಮೇಲೆ ಬ್ಯಾಂಕ್ ಸಾಲವಿದ್ದು ಪಾಲಿಸಿಯಲ್ಲಿ ಬ್ಯಾಂಕಿನ ಹೆಸರಿದ್ದರೆ ಅದರ ನಿರಾಕ್ಷೇಪಣಾ ಪತ್ರವನ್ನು ಮೊದಲೇ ಪಡೆಯಿರಿ.

ಪತ್ರವನ್ನು ಏಜೆಂಟರ ಕೈಗಷ್ಟೇ ಕೊಡದೆ, ಶಾಖೆಯಲ್ಲಿ ಕೊಟ್ಟು ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಹಣ ಬಾರದಿದ್ದರೆ ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಬ್ಬರೇ ಮಾಲೀಕರಿರುವ ಅಂಗಡಿಯವರು ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅಲ್ಲಿ ಶುಲ್ಕವಿಲ್ಲ, ಮೊಹರು ಬಿದ್ದ ಆ ಪ್ರತಿಯೇ ಮೊದಲ ಸಾಕ್ಷಿ.