ಮಳೆನೀರಿನ ಮೇಲೆ ತೇಲುವ ವಿಮಾನ

೧೯೯೯ರ ಸೆಪ್ಟೆಂಬರ್ ೨೩ರ ರಾತ್ರಿ, ಧಾರಾಕಾರ ಮಳೆಯಲ್ಲಿ, ಸಿಡ್ನಿಯಿಂದ ಬಂದ ಕ್ವಾಂಟಾಸ್ ಸಂಸ್ಥೆಯ ಬೋಯಿಂಗ್ ೭೪೭ ವಿಮಾನವೊಂದು ಬ್ಯಾಂಕಾಕಿನಲ್ಲಿ ಇಳಿಯಿತು. ರನ್‌ವೇ ಮೂರು ಸಾವಿರ ಮೀಟರಿಗೂ ಮಿಗಿಲಾದ ಉದ್ದದ್ದು. ಆದರೂ ವಿಮಾನವು ಅದನ್ನು ದಾಟಿ ಮೆತ್ತನೆಯ ನೆಲಕ್ಕೆ ನುಗ್ಗಿ ನಿಂತಿತು. ಒಳಗಿದ್ದ ೪೧೦ ಜನರಲ್ಲಿ ಯಾರೂ ಸಾಯಲಿಲ್ಲ. ಅದು ಎತ್ತರವೂ ವೇಗವೂ ಹೆಚ್ಚಾಗಿ ಬಂದು, ಸುಮಾರು ಒಂದು ಸಾವಿರ ಮೀಟರು ಕಳೆದ ಮೇಲೆ ನೆಲ ಮುಟ್ಟಿತ್ತು. ಮತ್ತೆ ಮೇಲೇರುವ ನಿರ್ಧಾರವನ್ನು ಕಡೆಯ ಕ್ಷಣದಲ್ಲಿ ಕೈಬಿಡಲಾಯಿತು. ಆ ಗೊಂದಲದಲ್ಲಿ ಎಂಜಿನ್ನುಗಳ ಹಿಮ್ಮುಖ ಬಲವನ್ನು ಬಳಸಲಿಲ್ಲ. ಉಳಿದ ಆಸರೆ ಗಾಲಿಯ ಬ್ರೇಕೊಂದೇ. ಗಾಲಿಗಳಾದರೋ ನೆಲವನ್ನು ಮುಟ್ಟದೆ ನೀರಿನ ಮೇಲೆ ತೇಲುತ್ತಿದ್ದವು.

ಈ ತೇಲುವಿಕೆಗೆ ಜಲಪ್ಲವನವೆನ್ನಬಹುದು. ವೇಗವಾಗಿ ಬರುವ ಗಾಲಿಯ ಮುಂದಿನ ನೀರಿಗೆ ಪಕ್ಕಕ್ಕೆ ಸರಿಯಲು ವ್ಯವಧಾನ ದೊರೆಯದಿದ್ದರೆ ಅದು ಬೆಣೆಯಂತೆ ಗಾಲಿಯಡಿ ಸೇರಿ ಅದನ್ನು ಎತ್ತುತ್ತದೆ. ಅಮೆರಿಕದ ನಾಸಾ ಸಂಸ್ಥೆಯ ಪ್ರಯೋಗಗಳಿಂದ ದೊರೆತ ಲೆಕ್ಕವು ಸರಳವಾದುದು: ಗಾಲಿಯೊಳಗಿನ ಗಾಳಿಯ ಒತ್ತಡವನ್ನು ಚದರ ಅಂಗುಲಕ್ಕೆ ಇಷ್ಟು ಪೌಂಡೆಂದು ಅಳೆದು, ಅದರ ವರ್ಗಮೂಲವನ್ನು ಒಂಬತ್ತರಿಂದ ಗುಣಿಸಿದರೆ ತೇಲಲಾರಂಭಿಸುವ ವೇಗವು ನಾಟ್‌ಗಳಲ್ಲಿ ಬರುತ್ತದೆ. ಒತ್ತಡ ೨೦೦ ಪೌಂಡಾದರೆ ಸುಮಾರು ೧೨೭ ನಾಟ್, ಎಂದರೆ ಗಂಟೆಗೆ ೨೩೫ ಕಿಲೋಮೀಟರು. ಇದು ಉರುಳುತ್ತಿರುವ ಗಾಲಿಯ ಮಾತು. ಇಳಿಯುವ ವಿಮಾನದ ಗಾಲಿ ನೆಲ ಮುಟ್ಟುವಾಗ ಇನ್ನೂ ತಿರುಗುತ್ತಿರುವುದಿಲ್ಲ. ಅದಕ್ಕೆ ಒಂಬತ್ತರ ಬದಲು ೭.೭ರಿಂದ ಗುಣಿಸಬೇಕು. ಆಗ ಗಂಟೆಗೆ ೨೦೦ ಕಿಲೋಮೀಟರಿನಲ್ಲಿಯೇ ತೇಲುವುದು ಸಾಧ್ಯ. ತಿರುಗದ ಗಾಲಿಗೆ ಬ್ರೇಕು ಹಾಕಿ ಫಲವೇನು?

ಇದಕ್ಕೆ ಕಂಡುಕೊಂಡ ಉಪಾಯ, ರನ್‌ವೇಗೆ ಅಡ್ಡಲಾಗಿ ಗೀರು ಕೊರೆಯುವುದು. ವಜ್ರದ ಹಲ್ಲಿನ ಗರಗಸಗಳಿಂದ ಸುಮಾರು ೬ ಮಿಲಿಮೀಟರು ಅಗಲ, ಅಷ್ಟೇ ಆಳ, ೩೮ ಮಿಲಿಮೀಟರಿಗೊಂದರಂತೆ ಇವನ್ನು ಕೊರೆಯುವರು. ಇವು ಮಳೆನೀರು ಬೇಗ ಹರಿದುಹೋಗಲು ನೆರವಾಗುವುದು ನಿಜ. ಅದಕ್ಕಿಂತ ಮುಖ್ಯವಾದುದು, ಗಾಲಿಯಡಿ ಸಿಕ್ಕ ನೀರಿಗೆ ಪಾರಾಗುವ ಹಾದಿ ದೊರೆಯುವುದು. ಒತ್ತಡ ತಗ್ಗಿ ರಬ್ಬರು ನೆಲವನ್ನು ಹಿಡಿಯುತ್ತದೆ. ಆದರೆ ಇಳಿಯುವ ಗಾಲಿಗಳು ಬಿಟ್ಟ ರಬ್ಬರು ಗೀರುಗಳಲ್ಲಿ ತುಂಬುತ್ತ ಬರುವುದರಿಂದ ಆಗಾಗ ಅದನ್ನು ತೆಗೆಯಬೇಕು. ಗೀರಿನ ಅಂಚನ್ನೂ ಮೀರಿ ನೀರು ನಿಂತರೆ ಅದರ ಉಪಕಾರ ಕುಂದುತ್ತದೆ.

ಇಳಿಯುವ ದೂರದ ನಿಯಮವನ್ನೂ ಇಲ್ಲಿ ಗಮನಿಸಬೇಕು. ಒಣಗಿದ ರನ್‌ವೇಯಲ್ಲಿ ೨೦೦೦ ಮೀಟರು ಬೇಕೆಂದು ನಿಗದಿಯಾಗಿದ್ದರೆ, ಒದ್ದೆಯಾಗಿರುವಾಗ ಶೇಕಡ ೧೫ ಸೇರಿಸಿ ೨೩೦೦ ಮೀಟರು ಬೇಕೆನ್ನುವರು. ಇದು ಹೊರಡುವ ಮುನ್ನ ಹಾಕುವ ಲೆಕ್ಕ, ಅದೂ ಒದ್ದೆ ನೆಲಕ್ಕೆ. ಬಿರುಮಳೆಯಲ್ಲಿ ನೀರು ನಿಂತ ನೆಲಕ್ಕಲ್ಲ. ಆದ್ದರಿಂದಲೇ ಇಳಿಯುವ ಮುನ್ನ ಅಂದಿನ ಸ್ಥಿತಿಗೆ ತಕ್ಕಂತೆ ಮತ್ತೊಮ್ಮೆ ಲೆಕ್ಕ ಹಾಕಬೇಕು. ತಡವಾಗಿ ನೆಲ ಮುಟ್ಟಿ ಕಳೆದುಕೊಂಡ ಪ್ರತಿಯೊಂದು ಮೀಟರೂ ಆ ೩೦೦ ಮೀಟರಿನಿಂದಲೇ ಮೊದಲು ಕಳೆಯುತ್ತದೆ.